M ಎಷ್ಟು ದೊಡ್ಡದಿರಬೇಕು? ಬಿಗ್-ಎಂ ವಿಧಾನದಲ್ಲಿ ಎಡವದಿರಲು ಏಳು ಸೂತ್ರಗಳು

1. ಮೊದಲು M ಮಾಡುವ ಕೆಲಸವನ್ನು ತಿಳಿದುಕೊಳ್ಳಿ

1947ರಲ್ಲಿ ಜಾರ್ಜ್ ಡಾಂಟ್ಜಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನಕ್ಕೆ ಹೊರಡಲು ಒಂದು ಮೂಲೆ ಬೇಕು. ಎಲ್ಲ ನಿರ್ಬಂಧಗಳೂ "ಇಷ್ಟಕ್ಕಿಂತ ಹೆಚ್ಚಿರಬಾರದು" ಎಂಬ ಬಗೆಯವಾದರೆ ಸೊನ್ನೆಯಿಂದಲೇ ಹೊರಡಬಹುದು. "ಕನಿಷ್ಠ ಇಷ್ಟಿರಲೇಬೇಕು" ಎಂಬ ನಿರ್ಬಂಧ ಬಂದರೆ ಸೊನ್ನೆ ಸಲ್ಲುವುದಿಲ್ಲ. ಆಗ ಆ ಕೊರತೆಯನ್ನು ತುಂಬಲು ಕೃತಕ ಚರವೊಂದನ್ನು ಸೇರಿಸುತ್ತೇವೆ. ಅದರ ಪ್ರತಿ ಘಟಕಕ್ಕೂ ವೆಚ್ಚದಲ್ಲಿ M ಎಂಬ ಭಾರಿ ದಂಡ ಹಾಕಿ, ಅದು ತಾನಾಗಿಯೇ ಹೊರಬೀಳುವಂತೆ ಮಾಡುತ್ತೇವೆ. M ನಿಮ್ಮ ಸಮಸ್ಯೆಯ ದತ್ತಾಂಶವಲ್ಲ, ನೀವು ಹೊರಗಿನಿಂದ ತಂದಿಟ್ಟ ಸಂಖ್ಯೆ. ಉತ್ತರದಲ್ಲಿ ಅದರ ಗುರುತು ಎಲ್ಲಿಯೂ ಉಳಿಯಬಾರದು.

2. ಕೈಲೆಕ್ಕದಲ್ಲಿ M ಅಕ್ಷರವಾಗಿಯೇ ಇರಲಿ

ಈ ಪುಟ್ಟ ಲೆಕ್ಕವನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ವೆಚ್ಚ `3x + 2y` ಕನಿಷ್ಠವಾಗಬೇಕು. ನಿರ್ಬಂಧಗಳು ಎರಡು: `x + y ≥ 10` ಮತ್ತು `x + 3y ≥ 18`. ಎರಡೂ ಚರಗಳು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು. y ಅಗ್ಗವೂ ಹೌದು, ಎರಡನೆಯ ನಿರ್ಬಂಧಕ್ಕೆ ಹೆಚ್ಚು ನೆರವಾಗುವುದೂ ಹೌದು. ಹಾಗಾಗಿ ಉತ್ತರ ನೋಡಿದೊಡನೆ ಹೊಳೆಯುತ್ತದೆ: x ಬೇಡ, y 10, ವೆಚ್ಚ 20. ಉತ್ತರ ಮೊದಲೇ ಗೊತ್ತಿದ್ದರೆ ವಿಧಾನ ಎಲ್ಲಿ ದಾರಿ ತಪ್ಪಿತೆಂದು ಹಿಡಿಯುವುದು ಸುಲಭ.

ಹೆಚ್ಚುವರಿಯನ್ನು ಅಳೆಯುವ s1, s2 ಮತ್ತು ಕೃತಕ ಚರಗಳಾದ a1, a2 ಸೇರಿಸಿ ಕೋಷ್ಟಕ ಬರೆಯಿರಿ. ಒಂದು ಚರವನ್ನು ಒಂದು ಘಟಕದಷ್ಟು ಒಳತಂದರೆ ಒಟ್ಟು ವೆಚ್ಚ ಎಷ್ಟು ಬದಲಾಗುತ್ತದೆ ಎಂದು ಹೇಳುವ ಸಂಖ್ಯೆಯೇ ರೆಡ್ಯೂಸ್ಡ್ ಕಾಸ್ಟ್. ಮೊದಲ ಹಂತದಲ್ಲಿ ಅದು x ಗೆ `3 − 2M`, y ಗೆ `2 − 4M`. ಹೆಚ್ಚು ಋಣವಾಗಿರುವ y ಒಳಬರುತ್ತದೆ, ಬೆಲೆ 6 ಆಗುತ್ತದೆ, a2 ಹೊರಬೀಳುತ್ತದೆ. ಈಗ x ನ ಸಂಖ್ಯೆ `7/3 − 2M/3`, s2 ನದು `2/3 − M/3`. x ಒಳಬಂದು a1 ಹೊರಹೋದಾಗ ನಾವು x = 6, y = 4 ಎಂಬ ಮೂಲೆಯಲ್ಲಿರುತ್ತೇವೆ. ಇಲ್ಲಿ ವೆಚ್ಚ 26.

ಇಲ್ಲಿಗೆ ದಂಡದ ಕೆಲಸ ಮುಗಿಯಿತು. s2 ನ ರೆಡ್ಯೂಸ್ಡ್ ಕಾಸ್ಟ್ ಲೆಕ್ಕ ಹಾಕಿದರೆ M ಇರುವ ಪದಗಳೆಲ್ಲ ಒಂದನ್ನೊಂದು ಹೊಡೆದುಹಾಕಿ `2/3 − 7/6`, ಅಂದರೆ `−1/2` ಮಾತ್ರ ಉಳಿಯುತ್ತದೆ. ಋಣವಾಗಿರುವುದರಿಂದ ಇನ್ನೊಂದು ಹೆಜ್ಜೆ ಇಡಬೇಕು: s2 ಒಳಬರುತ್ತದೆ, x ಹೊರಹೋಗುತ್ತದೆ, y 10 ಆಗಿ ವೆಚ್ಚ 20ಕ್ಕೆ ಇಳಿಯುತ್ತದೆ. ಸರಿಯಾದ ಉತ್ತರ ಸಿಕ್ಕಿದ್ದು ಆ ಅರ್ಧದ ದೆಸೆಯಿಂದ. ಅದನ್ನು ನೆನಪಿಡಿ.

3. ಕೆಳಗಿನ ಮಿತಿಯನ್ನು ಶ್ಯಾಡೋ ಪ್ರೈಸ್‌ನಿಂದ ಅಳೆಯಿರಿ

M ತೀರ ಚಿಕ್ಕದಾದರೆ ದಂಡ ಕಟ್ಟುವುದೇ ಅಗ್ಗವಾಗಿಬಿಡುತ್ತದೆ. ನಮ್ಮ ಲೆಕ್ಕದಲ್ಲಿ M = 1 ಇಟ್ಟರೆ ಸಿಂಪ್ಲೆಕ್ಸ್ y = 6ಕ್ಕೆ ನಿಂತು, ಮೊದಲ ನಿರ್ಬಂಧದ 4 ಘಟಕಗಳ ಕೊರತೆಯನ್ನು a1 ಹೆಸರಿಗೆ ಬರೆಯುತ್ತದೆ. ದಂಡವೂ ಸೇರಿ ಒಟ್ಟು 16, ನಿಜವಾದ 20ಕ್ಕಿಂತ ಕಡಿಮೆ. ಕೃತಕ ಚರ ಉಳಿದಿದ್ದರಿಂದ "ಈ ಸಮಸ್ಯೆಗೆ ಪರಿಹಾರವೇ ಇಲ್ಲ" ಎಂಬ ಸುಳ್ಳು ತೀರ್ಪು ಹೊರಬೀಳುತ್ತದೆ.

ಎಷ್ಟಿದ್ದರೆ ಸಾಕು? ಒಂದು ನಿರ್ಬಂಧವನ್ನು ಒಂದು ಘಟಕ ಬಿಗಿ ಮಾಡಿದರೆ ಏರುವ ವೆಚ್ಚವೇ ಅದರ ಶ್ಯಾಡೋ ಪ್ರೈಸ್. ಅವುಗಳಲ್ಲಿ ಅತಿ ದೊಡ್ಡದಕ್ಕಿಂತ M ದೊಡ್ಡದಿರಬೇಕು. ನಮ್ಮಲ್ಲಿ ಅವು 2 ಮತ್ತು 0. ಹಾಗಾಗಿ M = 3 ಇದ್ದರೂ ಸರಿಯಾದ ಉತ್ತರ ಬರುತ್ತದೆ!

ಲೆಕ್ಕ ಬಿಡಿಸುವ ಮೊದಲು ಶ್ಯಾಡೋ ಪ್ರೈಸ್ ಗೊತ್ತಿರುವುದಿಲ್ಲ, ನಿಜ. ಅದಕ್ಕೇ ಅತಿ ದೊಡ್ಡ ವೆಚ್ಚದ ನೂರು ಅಥವಾ ಸಾವಿರ ಪಟ್ಟು ತೆಗೆದುಕೊಳ್ಳುವ ರೂಢಿ ಬಂದಿದೆ. ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ವೆಚ್ಚ `3x`, ನಿರ್ಬಂಧ `0.001x ≥ 1` ಎಂದಿರಲಿ. x 1000 ಆಗಲೇಬೇಕು, ವೆಚ್ಚ 3000. M = 1000 ಇಟ್ಟರೆ ಒಂದು ಘಟಕ ಕೃತಕ ಚರಕ್ಕೆ 1000 ದಂಡ ಕಟ್ಟುವುದೇ ಲಾಭ. ವೆಚ್ಚ 3 ಇದ್ದರೂ ಶ್ಯಾಡೋ ಪ್ರೈಸ್ 3000 ಆಗಿದ್ದು ಆ ಪುಟ್ಟ ಗುಣಕದಿಂದ.

4. ಮೇಲಿನ ಮಿತಿಯನ್ನು ಕಂಪ್ಯೂಟರ್ ನಿರ್ಧರಿಸುತ್ತದೆ

"ಹಾಗಾದರೆ ಊಹೆಗೂ ಮೀರಿದ ಸಂಖ್ಯೆ ಇಟ್ಟುಬಿಡೋಣ" ಎನ್ನುವವರೇ ಹೆಚ್ಚು. ದೊಡ್ಡ ತೊಂದರೆ ಶುರುವಾಗುವುದು ಇಲ್ಲೇ. IEEE 754 ಡಬಲ್ ಸಂಖ್ಯೆಯಲ್ಲಿ ಅಂಕಿಗಳಿಗೆ 53 ಬಿಟ್‌ಗಳಿವೆ, ಅಂದರೆ ಸುಮಾರು 16 ದಶಮಾಂಶ ಅಂಕಿಗಳು. ಸಂಖ್ಯೆ ದೊಡ್ಡದಾದಂತೆ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರವೂ ಹಿಗ್ಗುತ್ತದೆ. `2 × 10^15` ಆಸುಪಾಸಿನಲ್ಲಿ ಆ ಅಂತರ ಕಾಲು. `2 × 10^17` ಆಸುಪಾಸಿನಲ್ಲಿ 32. ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಏಲಕ್ಕಿ ಇಟ್ಟ ಹಾಗೆ, 3 ಎಂಬ ವೆಚ್ಚ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನೀವೇ ಪರೀಕ್ಷಿಸಿ:

```python
M = 1e17
print(3 - 2*M == -2*M)   # True
print(2 - 4*M == -4*M)   # True
```

ಮೊದಲ ಪಿವಟ್‌ಗೂ ಮುಂಚೆಯೇ 3 ಮತ್ತು 2 ಅಳಿಸಿಹೋದವು. ಕೋಷ್ಟಕದಲ್ಲಿ ಉಳಿದಿರುವುದು ದಂಡ ಮಾತ್ರ. ದಂಡ ಒಂದನ್ನೇ ನೋಡಿಕೊಂಡು ಸಿಂಪ್ಲೆಕ್ಸ್ ಸರಿಯಾಗಿಯೇ x = 6, y = 4ರ ಮೂಲೆಗೆ ಬರುತ್ತದೆ. ಆದರೆ ಅಲ್ಲಿ s2 ಗೆ ಸಿಗಬೇಕಾಗಿದ್ದ `−1/2` ಸಿಗುವುದಿಲ್ಲ. ಮೇಲಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಡಬಲ್ ಸಂಖ್ಯೆಗಳಿಂದ ನಡೆಸಿದರೆ ಎರಡು ಭಾರಿ ಸಂಖ್ಯೆಗಳ ವ್ಯವಕಲನ ಹೀಗಾಗುತ್ತದೆ:

```
-33333333333333328 + 33333333333333332 = 4
```

ಈ 4ಕ್ಕೆ ಯಾವ ಅರ್ಥವೂ ಇಲ್ಲ. `1/3` ಅನ್ನು ಪೂರ್ತಿ ಬರೆಯಲಾಗದೆ ಕತ್ತರಿಸಿದ ತುಣುಕಿನ ಶೇಷ ಅದು. s1 ಗೆ 3.5 ಬರಬೇಕಾದಲ್ಲಿ 0 ಬರುತ್ತದೆ. ಋಣ ಸಂಖ್ಯೆ ಎಲ್ಲಿಯೂ ಇಲ್ಲವಾದ್ದರಿಂದ "ಇದೇ ಅತ್ಯುತ್ತಮ" ಎಂದು ಪ್ರೋಗ್ರಾಂ ನಿಂತುಬಿಡುತ್ತದೆ, ವೆಚ್ಚ 26 ಎನ್ನುತ್ತದೆ. ಎರಡೂ ನಿರ್ಬಂಧಗಳು ಪಾಲನೆಯಾಗಿವೆ, ಕೃತಕ ಚರಗಳು ಸೊನ್ನೆಯಾಗಿವೆ, ಎಚ್ಚರಿಕೆಯ ಸಂದೇಶವೂ ಇಲ್ಲ. ಚಿಕ್ಕ M ಕೊಡುವ ತಪ್ಪಿಗಿಂತ ಇದು ಅಪಾಯಕಾರಿ ಎನ್ನುವುದು ಇದಕ್ಕೇ. ಅಲ್ಲಿ ಉಳಿದ ಕೃತಕ ಚರವಾದರೂ ಸುಳಿವು ಕೊಡುತ್ತದೆ, ಇಲ್ಲಿ ಕೊಡಲು ಯಾರೂ ಇಲ್ಲ. ಗುಣಿಸುವ, ಕಳೆಯುವ ಕ್ರಮ ಬದಲಾದರೆ ಆ 4ರ ಜಾಗದಲ್ಲಿ ಬೇರೆ ಕಸ ಬರಬಹುದು. ಅದು ಋಣವಾಗಿದ್ದರೆ ಲೆಕ್ಕ ಮುಂದೆ ಸಾಗುತ್ತದೆ, ಆದರೆ ಸಾಗುವ ದಿಕ್ಕು ಮೂಲ ವೆಚ್ಚ ತೋರಿಸಿದ್ದಾಗಿರುವುದಿಲ್ಲ.

ದೊಡ್ಡ ಮಾದರಿಗಳಲ್ಲಿ ಇಷ್ಟು ವಿಪರೀತದ M ಬೇಕಾಗಿಯೂ ಇಲ್ಲ. ಪಿವಟ್‌ಗಳು ಸಾವಿರಗಟ್ಟಲೆ ಆದಾಗ ಪ್ರತಿ ಹೆಜ್ಜೆಯ ತುಣುಕೂ M ನಿಂದ ಗುಣಿಸಲ್ಪಟ್ಟು ಕೂಡುತ್ತಾ ಹೋಗುತ್ತದೆ.

5. ಫಲಿತಾಂಶವನ್ನು ಮೂರು ಕಡೆಯಿಂದ ಪರೀಕ್ಷಿಸಿ

M ಅನ್ನು ಹತ್ತು ಪಟ್ಟು ಹೆಚ್ಚಿಸಿ, ಹತ್ತು ಪಟ್ಟು ಕಡಿಮೆ ಮಾಡಿ, ಮತ್ತೆ ಓಡಿಸಿ. M ಸರಿಯಾದ ಹರವಿನಲ್ಲಿದ್ದರೆ ವೆಚ್ಚವೂ ಶ್ಯಾಡೋ ಪ್ರೈಸ್‌ಗಳೂ ಕದಲುವುದಿಲ್ಲ. ಕದಲಿದರೆ ನೀವು ಯಾವುದೋ ಒಂದು ಅಂಚಿನಲ್ಲಿದ್ದೀರಿ.

ಎರಡನೆಯದು, ವೆಚ್ಚವನ್ನು ಕೋಷ್ಟಕದ ಮೂಲೆಯಿಂದ ಎತ್ತಿಕೊಳ್ಳಬೇಡಿ. ಬಂದ x, y ಬೆಲೆಗಳನ್ನು ಮೂಲ ಸೂತ್ರಕ್ಕೆ ಹಾಕಿ ಹೊಸದಾಗಿ ಲೆಕ್ಕ ಹಾಕಿ. ಸಾಲ್ವರ್‌ಗಳು `1e-6` ಆಸುಪಾಸಿನ ಕೊರತೆಯನ್ನು ಸೊನ್ನೆಯೆಂದೇ ಒಪ್ಪುತ್ತವೆ. M ಬೆಲೆ `1e9` ಆಗಿದ್ದರೆ ಆ "ಸೊನ್ನೆ"ಯ ದಂಡವೇ 1000!

ಮೂರನೆಯದು, ಶ್ಯಾಡೋ ಪ್ರೈಸ್‌ಗಳಿಂದ ವೆಚ್ಚವನ್ನು ಇನ್ನೊಮ್ಮೆ ಕಟ್ಟಿ. ಸರಿಯಾದ ಉತ್ತರದಲ್ಲಿ `2 × 10 + 0 × 18 = 20` ಎಂದು ತಾಳೆಯಾಗುತ್ತದೆ. ಶ್ಯಾಡೋ ಪ್ರೈಸ್‌ಗಳು ಸಿಗುವುದು s1, s2 ಗಳ ಕೊನೆಯ ರೆಡ್ಯೂಸ್ಡ್ ಕಾಸ್ಟ್‌ಗಳಲ್ಲೇ. ಕೆಟ್ಟ ಓಟದಲ್ಲಿ ಅವು ಕೊಟ್ಟ 0 ಮತ್ತು 4ನ್ನು ಹಾಕಿ ನೋಡಿ: `0 × 10 + 4 × 18 = 72`. ಇತ್ತ ವೆಚ್ಚ 26, ಅತ್ತ 72. ನಾಲ್ಕನೆಯ ಸೂತ್ರದಲ್ಲಿ ಸದ್ದಿಲ್ಲದೆ ಜಾರಿಹೋದ ತಪ್ಪು ಇಲ್ಲಿ ಸಿಕ್ಕಿಬೀಳುತ್ತದೆ.

6. M ಹಿಗ್ಗಿಸುವ ಮೊದಲು ಅಳತೆಗಳನ್ನು ಸರಿಮಾಡಿ

ಮೂರನೆಯ ಸೂತ್ರದ `0.001x ≥ 1` ನೆನಪಿಸಿಕೊಳ್ಳಿ. ಇಡೀ ಸಾಲನ್ನು 1000ದಿಂದ ಗುಣಿಸಿದರೆ `x ≥ 1000`, ಶ್ಯಾಡೋ ಪ್ರೈಸ್ 3, M = 1000 ಬೇಕಾದಷ್ಟಾಯಿತು. ಒಂದು ಸಾಲು ಗ್ರಾಂನಲ್ಲಿ, ಇನ್ನೊಂದು ಟನ್‌ನಲ್ಲಿ ಇರುವ ಮಾದರಿಗೆ ಹೊಂದುವ M ಹುಡುಕುವುದು ವ್ಯರ್ಥ ಶ್ರಮ.

7. ಪ್ರೋಗ್ರಾಂ ಬರೆಯುವುದಾದರೆ M ಬಿಟ್ಟು ಎರಡು ಹಂತಗಳಲ್ಲಿ ಬಿಡಿಸಿ

ಇದು ನನ್ನ ಖಚಿತ ಸಲಹೆ. ಮೊದಲ ಹಂತದಲ್ಲಿ ಮೂಲ ವೆಚ್ಚವನ್ನು ಬದಿಗಿಟ್ಟು `a1 + a2` ಅನ್ನು ಮಾತ್ರ ಕನಿಷ್ಠಗೊಳಿಸಿ. ನಮ್ಮ ಲೆಕ್ಕದಲ್ಲಿ ರೆಡ್ಯೂಸ್ಡ್ ಕಾಸ್ಟ್‌ಗಳು x ಗೆ −2, y ಗೆ −4, ಎಲ್ಲ ಪುಟ್ಟ ಸಂಖ್ಯೆಗಳೇ. ಅದೇ ಎರಡು ಪಿವಟ್‌ಗಳಲ್ಲಿ x = 6, y = 4ಕ್ಕೆ ಬರುತ್ತೀರಿ, ಮೊತ್ತ ಸೊನ್ನೆಯಾಗುತ್ತದೆ. ಆಗ ಕೃತಕ ಚರಗಳ ಕಾಲಮ್‌ಗಳನ್ನು ತೆಗೆದುಹಾಕಿ `3x + 2y` ಅನ್ನು ಮರಳಿ ತನ್ನಿ. s2 ಗೆ `−1/2` ಅಚ್ಚುಕಟ್ಟಾಗಿ ಕಾಣಿಸುತ್ತದೆ, ಮುಂದಿನ ಪಿವಟ್ 20ಕ್ಕೆ ಮುಟ್ಟಿಸುತ್ತದೆ.

ಒಂದೇ ಓಟದಲ್ಲಿ ಮುಗಿಸಲೇಬೇಕಿದ್ದರೆ ಪ್ರತಿ ರೆಡ್ಯೂಸ್ಡ್ ಕಾಸ್ಟ್ ಅನ್ನು ಜೋಡಿಯಾಗಿ ಇಟ್ಟುಕೊಳ್ಳಿ: M ನ ಗುಣಕ ಒಂದು, ಉಳಿದ ವೆಚ್ಚ ಇನ್ನೊಂದು. x ಗೆ `(−2, 3)`, y ಗೆ `(−4, 2)`. ಹೋಲಿಸುವಾಗ ಮೊದಲ ಸಂಖ್ಯೆ ನೋಡಿ, ಅದು ಸಮವಾದಾಗ ಮಾತ್ರ ಎರಡನೆಯದು. ಕೈಲೆಕ್ಕದಲ್ಲಿ M ಅನ್ನು ಅಕ್ಷರವಾಗಿ ಇಟ್ಟುಕೊಂಡದ್ದರ ಯಂತ್ರರೂಪವೇ ಇದು. ಎರಡು ಸಂಖ್ಯೆಗಳೂ ಬೇರೆ ಬೇರೆ ಸಾಲಿನಲ್ಲಿ ಇರುವುದರಿಂದ ಒಂದು ಇನ್ನೊಂದನ್ನು ನುಂಗುವುದಿಲ್ಲ.

ಎರಡು ಹಂತದ ವಿಧಾನದಲ್ಲೂ ಒಂದು ಕಡೆ ಎಚ್ಚರ ಬೇಕು. ಮೊದಲ ಹಂತದ ಮೊತ್ತ ಸೊನ್ನೆಯಾದ ಮೇಲೂ ಕೃತಕ ಚರವೊಂದು ಸೊನ್ನೆ ಬೆಲೆಯಲ್ಲೇ ಬೇಸಿಸ್‌ನಲ್ಲಿ ಕುಳಿತಿರಬಹುದು. ಹಾಗೇ ಬಿಟ್ಟರೆ ಎರಡನೆಯ ಹಂತದ ಯಾವುದೋ ಪಿವಟ್‌ನಲ್ಲಿ ಅದು ಮತ್ತೆ ಬೆಳೆದು, ನಿರ್ಬಂಧ ಮುರಿದ ಉತ್ತರ ಬರುತ್ತದೆ. ಅದರ ಸಾಲಿನಲ್ಲಿ ಮೂಲ ಚರಗಳ ಅಥವಾ s ಚರಗಳ ಸೊನ್ನೆಯಲ್ಲದ ಗುಣಕ ಸಿಕ್ಕರೆ ಅಲ್ಲಿ ಪಿವಟ್ ಮಾಡಿ ಅದನ್ನು ಹೊರಹಾಕಿ. ಎಲ್ಲ ಗುಣಕಗಳೂ ಸೊನ್ನೆಯಾಗಿದ್ದರೆ ಆ ನಿರ್ಬಂಧ ಉಳಿದವುಗಳಿಂದಲೇ ಹುಟ್ಟಿದ್ದು, ಸಾಲನ್ನೇ ಅಳಿಸಬಹುದು.