ಸರಿ ಉತ್ತರದೊಳಗೆ ಅಡಗಿದ್ದ ತಪ್ಪು: ಒಂದು ಗಣಿತ ಪರೀಕ್ಷೆಯಿಂದ ಕಲಿತ ಪಾಠಗಳು

ಏಳನೇ ತರಗತಿಯ 40 ಮಕ್ಕಳಿಗೆ ದಶಮಾಂಶ ಸಂಖ್ಯೆಗಳ ಮೇಲೆ 20 ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಕೊಟ್ಟಿದ್ದೆ. ತರಗತಿಯ ಸರಾಸರಿ 11 ಬಂತು. ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದು ಹೆಚ್ಚಿನವರು ಮಾಡುವುದನ್ನೇ. ಎಂಟಕ್ಕಿಂತ ಕಡಿಮೆ ಬಂದವರ ಹೆಸರು ಬರೆದುಕೊಂಡು, ಸಂಜೆ ಕೂರಿಸಿ, ಇಡೀ ಅಧ್ಯಾಯವನ್ನು ಮೊದಲಿನಿಂದ ಮತ್ತೊಮ್ಮೆ ಹೇಳುವುದು. ಆ ಸಲ ಮಾತ್ರ ಪ್ರಶ್ನಾಂಶ ವಿಶ್ಲೇಷಣೆಗೆ ಕೂತೆ. ಆಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಅಂಕವನ್ನಲ್ಲ, ಅಕ್ಷರವನ್ನು ಬರೆದುಕೊಳ್ಳಬೇಕು

ಉತ್ತರ ಪತ್ರಿಕೆ ತಿದ್ದುವಾಗ ಸರಿಗೆ 1, ತಪ್ಪಿಗೆ 0 ಎಂದು ಬರೆದರೆ ಅರ್ಧ ಮಾಹಿತಿ ಅಲ್ಲೇ ಕಳೆದುಹೋಗುತ್ತದೆ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಮಕ್ಕಳ ಹೆಸರನ್ನು ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ಬರೆಯಿರಿ, ಮೇಲೆ ಪ್ರಶ್ನೆಗಳ ಸಂಖ್ಯೆ ಹಾಕಿ. ಪ್ರತಿ ಚೌಕದಲ್ಲಿ ಮಗು ಆರಿಸಿದ ಆಯ್ಕೆಯ ಅಕ್ಷರವನ್ನೇ ಬರೆಯಿರಿ: ಅ, ಆ, ಇ, ಈ. ಸರಿ ಉತ್ತರವಾದರೆ ಸುತ್ತ ಒಂದು ವೃತ್ತ ಎಳೆಯಿರಿ. 40 ಮಕ್ಕಳ ಪಟ್ಟಿಗೆ ನನಗೆ ಹಿಡಿದದ್ದು ಒಂದು ಸಂಜೆ.

ಮೊದಲು ಮೇಲಿನ ಮತ್ತು ಕೆಳಗಿನ ಶೇ. 27ರಷ್ಟು ಮಕ್ಕಳನ್ನು ಬೇರ್ಪಡಿಸುವುದು ವಾಡಿಕೆ. ಟ್ರೂಮನ್ ಕೆಲ್ಲಿ 1939ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಮಾಣವಿದು. 40ಕ್ಕೆ 10.8, ಅಂದರೆ ಮೇಲೆ 11, ಕೆಳಗೆ 11. ಈ 22 ಮಕ್ಕಳಲ್ಲಿ ಎಷ್ಟು ಪಾಲು ಸರಿ ಬರೆದರು ಎಂಬುದು ಕ್ಲಿಷ್ಟತಾ ಸೂಚ್ಯಂಕ. ಹೆಸರು ಹಾಗಿದ್ದರೂ ಅಂಕಿ ಹೆಚ್ಚಾದಷ್ಟೂ ಪ್ರಶ್ನೆ ಸುಲಭ ಎಂದರ್ಥ. ಇಲ್ಲಿ ಎಡವುವವರು ಬಹಳ. ಮೇಲಿನವರಲ್ಲಿ ಸರಿ ಬರೆದವರ ಸಂಖ್ಯೆಯಿಂದ ಕೆಳಗಿನವರದನ್ನು ಕಳೆದು 11ರಿಂದ ಭಾಗಿಸಿದರೆ ವಿಭೇದನ ಸೂಚ್ಯಂಕ. ಲೆಕ್ಕ ಇಷ್ಟೇ.

2. ‘ಒಳ್ಳೆಯ ಪ್ರಶ್ನೆ’ ಎಂದು ಅಂಕಿ ಹೇಳಿದರೂ ಅಲ್ಲಿಗೇ ನಿಲ್ಲಬಾರದು

ಮೂರನೇ ಪ್ರಶ್ನೆ ಹೀಗಿತ್ತು: ಇವುಗಳಲ್ಲಿ ದೊಡ್ಡದು ಯಾವುದು? ಅ) 0.5 ಆ) 0.45 ಇ) 0.375 ಈ) ಮೂರೂ ಸಮ.

ಮೇಲಿನ 11ರಲ್ಲಿ 10 ಮಕ್ಕಳು, ಕೆಳಗಿನ 11ರಲ್ಲಿ ಒಂದೇ ಮಗು ಸರಿ ಬರೆದಿತ್ತು. ಕ್ಲಿಷ್ಟತೆ 0.50, ವಿಭೇದನ 0.82. ವಿಭೇದನ 0.40 ದಾಟಿದರೆ ಪ್ರಶ್ನೆ ಬಲು ಚೆನ್ನಾಗಿದೆ ಎನ್ನುತ್ತಾರೆ, ಹಾಗಾಗಿ ಪುಸ್ತಕದ ಪ್ರಕಾರ ಇದು ಮಾದರಿ ಪ್ರಶ್ನೆ. ಆದರೆ ಪರಿಹಾರ ಬೋಧನೆಗೆ ಬೇಕಾದದ್ದು ತಪ್ಪು ಬರೆದವರು ಎಲ್ಲಿಗೆ ಹೋದರು ಎಂಬುದು. ಇಡೀ ತರಗತಿಯಲ್ಲಿ 14 ಮಕ್ಕಳು 0.5 ಎಂದಿದ್ದರು, 22 ಮಕ್ಕಳು 0.375 ಎಂದಿದ್ದರು. ಉಳಿದ ಎರಡು ಆಯ್ಕೆಗೆ ಸೇರಿ ನಾಲ್ವರು.

ಊಹಿಸಿ ಬರೆದಿದ್ದರೆ ತಪ್ಪುಗಳು ಮೂರೂ ಆಯ್ಕೆಗಳಿಗೆ ಚದುರಿ ಹೋಗುತ್ತವೆ. ಒಂದೇ ತಪ್ಪಿಗೆ 22 ಮಕ್ಕಳು ಬಂದು ಸೇರಿದ್ದಾರೆ ಎಂದರೆ ಅವರೆಲ್ಲ ಒಂದು ನಿಯಮ ಪಾಲಿಸುತ್ತಿದ್ದಾರೆ. ಅವರಲ್ಲಿ ಒಬ್ಬಳನ್ನು ಕರೆದು ‘ಇದು ಯಾಕಮ್ಮ ದೊಡ್ಡದು?’ ಎಂದು ಕೇಳಿದೆ. ‘ಅದರಲ್ಲಿ ಮುನ್ನೂರ ಎಪ್ಪತ್ತೈದು ಇದೆಯಲ್ಲ ಟೀಚರ್, ಇದರಲ್ಲಿ ಬರೀ ಐದು’ ಎಂದಳು. ಬಿಂದುವಿನ ಬಲಗಡೆ ಇರುವುದನ್ನು ಅವಳು ಪೂರ್ಣ ಸಂಖ್ಯೆಯಾಗಿ ಓದುತ್ತಿದ್ದಳು. ಮನೆಯಲ್ಲಿ, ಅಂಗಡಿಯಲ್ಲಿ ನಾವು ಓದುವುದೂ ಹಾಗೇ. ಎರಡು ರೂಪಾಯಿ ಐವತ್ತು ಪೈಸೆ ಎನ್ನುತ್ತೇವೆ. ದಿನಸಿ ಅಂಗಡಿಯ ತಕ್ಕಡಿ ಅರ್ಧ ಕಿಲೋವನ್ನು 0.500 ಎಂದೇ ತೋರಿಸುತ್ತದೆ. ಒಂದೊಂದು ಕಡೆಯೂ ಬಿಂದುವಿನ ನಂತರ ಸದಾ ಅಷ್ಟೇ ಅಂಕಿಗಳಿರುವುದರಿಂದ ಪೂರ್ಣ ಸಂಖ್ಯೆಯಂತೆ ಓದಿದರೂ ಉತ್ತರ ಸರಿಯೇ ಬರುತ್ತದೆ. ತಪ್ಪು ಬಯಲಾಗುವುದು ಅಂಕಿಗಳ ಉದ್ದ ಬೇರೆಯಾದಾಗ ಮಾತ್ರ.

3. ವಿಭೇದನ ಋಣವಾದರೆ ಮೊದಲು ಕೀ ಉತ್ತರ ನೋಡಿ, ಆಮೇಲೆ ನಿಮ್ಮ ಪಾಠವನ್ನು ನೋಡಿ

ಏಳನೇ ಪ್ರಶ್ನೆಯೂ ದೊಡ್ಡದನ್ನು ಆರಿಸುವುದೇ: ಅ) 0.418 ಆ) 0.3 ಇ) 0.27 ಈ) ಮೂರೂ ಸಮ. 40ರಲ್ಲಿ 31 ಮಕ್ಕಳು ಸರಿ. ತಿದ್ದುವಾಗ ನನಗೆ ಸಮಾಧಾನವಾಗಿತ್ತು. ಲೆಕ್ಕ ಹಾಕಿದಾಗ ಮೇಲಿನ 11ರಲ್ಲಿ ಐವರು ಸರಿ, ಕೆಳಗಿನ 11ರಲ್ಲಿ ಹತ್ತು ಮಂದಿ ಸರಿ! ವಿಭೇದನ −0.45. ಕೆಳಗಿನವರು ಮೇಲಿನವರಿಗಿಂತ ಚೆನ್ನಾಗಿ ಮಾಡಿದ ಪ್ರಶ್ನೆ.

ಹೀಗಾದಾಗ ಸಾಮಾನ್ಯವಾಗಿ ಕೀ ಉತ್ತರ ತಪ್ಪಿರುತ್ತದೆ, ಇಲ್ಲವೆ ಪ್ರಶ್ನೆಯ ಮಾತು ಎರಡು ಅರ್ಥ ಕೊಡುತ್ತಿರುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ತಪ್ಪು ಬರೆದ 9 ಮಕ್ಕಳಲ್ಲಿ 8 ಮಂದಿ 0.3 ಎಂದಿದ್ದರು. ಅವರಲ್ಲಿ ಆರು ಮಂದಿ ತರಗತಿಯ ಮುಂದಿನ ಸಾಲಿನ ಮಕ್ಕಳು. ಒಬ್ಬನನ್ನು ಕೇಳಿದೆ. ‘ಸಾವಿರದಲ್ಲಿ ಒಂದು ಅಂದ್ರೆ ತುಂಬಾ ಸಣ್ಣ ಚೂರು ಅಂತ ನೀವೇ ಹೇಳಿದ್ರಲ್ಲ ಟೀಚರ್. 0.418ರಲ್ಲಿ ಇರೋದು ಸಾವಿರದ ಚೂರು. 0.3ರಲ್ಲಿ ಹತ್ತರ ಚೂರು. ಹತ್ತರದ್ದೇ ದೊಡ್ಡದು.’

ನಾನು ಹೇಳಿದ್ದು ನಿಜ, ಅವನು ಕೇಳಿಸಿಕೊಂಡದ್ದೂ ನಿಜ. ಚೂರು ಎಷ್ಟು ಸಣ್ಣದು ಎಂದು ಹೇಳಿದ್ದೆ, ಅಂಥ ಚೂರುಗಳು ಎಷ್ಟಿವೆ ಎಂದು ಎಣಿಸಲು ಹೇಳಿರಲಿಲ್ಲ. ಆಸ್ಟ್ರೇಲಿಯಾದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲಿ ಈ ಎರಡು ಬಗೆಯ ಯೋಚನೆಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ: ‘ಉದ್ದವಿದ್ದದ್ದು ದೊಡ್ಡದು’ ಎನ್ನುವವರು ಒಂದು ಬಗೆ, ‘ಗಿಡ್ಡವಿದ್ದದ್ದು ದೊಡ್ಡದು’ ಎನ್ನುವವರು ಇನ್ನೊಂದು ಬಗೆ. ನನ್ನ ತರಗತಿಯಲ್ಲಿ ಎರಡೂ ಇದ್ದವು, ಎರಡನೆಯದಕ್ಕೆ ನನ್ನ ಪಾಠವೂ ಕಾರಣವಾಗಿತ್ತು.

4. ಎರಡು ಪ್ರಶ್ನೆಗಳನ್ನು ಜೋಡಿಸಿ ಓದಿದಾಗಲೇ ಮಗು ಕಾಣುತ್ತದೆ

ನನಗೆ ಅತಿ ಹೆಚ್ಚು ಪ್ರಯೋಜನವಾದದ್ದು ಇದು. ಮೂರನೆಯದರಲ್ಲಿ ‘ಇ’, ಏಳನೆಯದರಲ್ಲಿ ‘ಅ’ ಎಂದು ಬರೆದವರು ಯಾರು ಎಂದು ಎಣಿಸಿದೆ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದವರಿಗೆ, ಮೂರನೇ ಪ್ರಶ್ನೆ E ಕಾಲಂನಲ್ಲೂ ಏಳನೆಯದು I ಕಾಲಂನಲ್ಲೂ ಇದ್ದರೆ, ಒಂದು ಸಾಲಿನ ಸೂತ್ರ ಸಾಕು:

```
=COUNTIFS(E2:E41,"ಇ",I2:I41,"ಅ")
```

ಉತ್ತರ 22. ಮೂರನೆಯದರಲ್ಲಿ 0.375 ಎಂದ ಅಷ್ಟೂ ಮಕ್ಕಳು ಏಳನೆಯದನ್ನು ಅದೇ ತಪ್ಪು ನಿಯಮದಿಂದ ಸರಿ ಮಾಡಿದ್ದರು. ಅದೇ ರೀತಿ ಏಳನೆಯದರಲ್ಲಿ 0.3 ಎಂದ 8 ಮಕ್ಕಳೂ ಮೂರನೆಯದನ್ನು ಸರಿ ಮಾಡಿದ್ದರು, ತಪ್ಪು ಕಾರಣದಿಂದ. ಎರಡನ್ನೂ ಸರಿ ಬರೆದವರು ಉಳಿದರು ಆರೇ ಮಂದಿ. ಒಂದು ಪ್ರಶ್ನೆಯಲ್ಲಿ 14, ಇನ್ನೊಂದರಲ್ಲಿ 31 ಸರಿ ಕಂಡಿದ್ದರೂ ದಶಮಾಂಶಗಳನ್ನು ಹೋಲಿಸಲು ನಿಜವಾಗಿ ಬಲ್ಲವರು ಆರು ಮಂದಿ ಎಂಬುದು ಬೇರೆ ಯಾವ ರೀತಿಯಲ್ಲೂ ನನಗೆ ತಿಳಿಯುತ್ತಿರಲಿಲ್ಲ. ಒಟ್ಟು ಅಂಕ ನೋಡಿ ಸಂಜೆ ತರಗತಿಗೆ ಕೂರಿಸಿದ್ದರೆ 0.3 ಎಂದಿದ್ದ ಮುಂದಿನ ಸಾಲಿನ ಆರು ಮಕ್ಕಳು ಮನೆಗೆ ಹೋಗಿರುತ್ತಿದ್ದರು.

5. ಎರಡು ತಪ್ಪಿಗೆ ಒಂದೇ ಮದ್ದು ಆಗುವುದಿಲ್ಲ

22 ಮಕ್ಕಳ ಗುಂಪಿಗೆ ಗ್ರಾಫ್ ಹಾಳೆಯ ಹತ್ತು-ಹತ್ತರ ಚೌಕ ಕೊಟ್ಟೆ. ಇಡೀ ಚೌಕ ಒಂದು, ಒಂದು ಪಟ್ಟಿ ಹತ್ತನೇ ಒಂದು, ಒಂದು ಮನೆ ನೂರನೇ ಒಂದು. 0.5ಕ್ಕೆ ಐದು ಪಟ್ಟಿ, 0.45ಕ್ಕೆ ನಾಲ್ಕು ಪಟ್ಟಿ ಮತ್ತು ಐದು ಮನೆ ಬಣ್ಣ ಹಚ್ಚಿದರು. ಹಚ್ಚಿದ ಮೇಲೆ ವಾದ ತಾನಾಗಿ ನಿಂತಿತು. ಓದುವುದನ್ನೂ ಬದಲಿಸಿದೆವು: ‘ಸೊನ್ನೆ ಬಿಂದು ಮುನ್ನೂರ ಎಪ್ಪತ್ತೈದು’ ಅಲ್ಲ, ‘ಸೊನ್ನೆ ಬಿಂದು ಮೂರು ಏಳು ಐದು’.

8 ಮಕ್ಕಳಿಗೆ ಈ ಚೌಕದಿಂದ ಹೆಚ್ಚು ಲಾಭವಿರಲಿಲ್ಲ. ಚೂರಿನ ಗಾತ್ರ ಅವರಿಗೆ ಗೊತ್ತೇ ಇತ್ತು. ಅವರ ಮುಂದೆ ಹತ್ತು ರೂಪಾಯಿಯ ಮೂರು ನೋಟು ಮತ್ತು ಒಂದು ರೂಪಾಯಿಯ 41 ನಾಣ್ಯ ಇಟ್ಟೆ. ನೂರು ರೂಪಾಯಿ ಒಂದು ಪೂರ್ಣ ಎಂದುಕೊಂಡರೆ ಒಂದು ಕಡೆ 0.3, ಇನ್ನೊಂದು ಕಡೆ 0.41. ನಾಣ್ಯ ಚಿಕ್ಕದು, ಆದರೆ ಎಷ್ಟಿವೆ? ಹತ್ತು ಹತ್ತು ಜೋಡಿಸಿ ನಾಲ್ಕು ಗುಡ್ಡೆ ಮಾಡಿದ ಮೇಲೆ ಅವರಿಗೆ ವಿವರಣೆ ಬೇಕಾಗಲಿಲ್ಲ. ಉಳಿದ ನಾಲ್ವರ ಉತ್ತರದಲ್ಲಿ ಕ್ರಮವೇ ಕಾಣದ್ದರಿಂದ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದೆ. ಎಲ್ಲಕ್ಕೂ ಸೇರಿ ಐದು ಪಿರಿಯಡ್ ಹಿಡಿಯಿತು.

ಒಂದು ಎಚ್ಚರಿಕೆ. ‘ಬಲಗಡೆ ಸೊನ್ನೆ ಸೇರಿಸಿ ಉದ್ದ ಸಮ ಮಾಡಿ, ಆಮೇಲೆ ಹೋಲಿಸಿ’ ಎಂದು ಹೇಳಿಕೊಟ್ಟರೆ ಐದು ನಿಮಿಷದಲ್ಲಿ ಎಲ್ಲರೂ ಸರಿ ಬರೆಯುತ್ತಾರೆ. ಆದರೆ ಪೂರ್ಣ ಸಂಖ್ಯೆಯಾಗಿ ಓದುವ ಅಭ್ಯಾಸವನ್ನೇ ಅದು ಗಟ್ಟಿ ಮಾಡುತ್ತದೆ. 0.5, 0.50 ಎರಡೂ ಒಂದೇ ಏಕೆ ಎಂದು ಚೌಕದಲ್ಲಿ ಕಂಡುಕೊಂಡವರಿಗೆ ಮಾತ್ರ ಆ ಉಪಾಯ ಹೇಳಬೇಕು.

6. ಇಷ್ಟು ಚಿಕ್ಕ ತರಗತಿಯಲ್ಲಿ ಅಂಕಿಯನ್ನು ಹೆಚ್ಚು ನಂಬಬಾರದು

11 ಮಕ್ಕಳ ಗುಂಪಿನಲ್ಲಿ ಒಂದು ಮಗುವಿನ ಉತ್ತರ ಬದಲಾದರೆ ವಿಭೇದನ 0.09 ಏರುತ್ತದೆ ಅಥವಾ ಇಳಿಯುತ್ತದೆ. 0.25ಕ್ಕೂ 0.35ಕ್ಕೂ ನಮ್ಮ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ. ವಿಭೇದನ ಸೊನ್ನೆ ಎಂದು ಪ್ರಶ್ನೆಯನ್ನು ಕಿತ್ತೆಸೆಯುವುದೂ ಸರಿಯಲ್ಲ. ಮೇಲಿನವರೂ ಕೆಳಗಿನವರೂ ಒಟ್ಟಿಗೆ ತಪ್ಪಿದ ಪ್ರಶ್ನೆಯ ವಿಭೇದನ ಸೊನ್ನೆಯೇ ಬರುತ್ತದೆ. ಇಡೀ ತರಗತಿಗೆ ಮತ್ತೆ ಪಾಠ ಮಾಡಬೇಕಾದದ್ದು ಅದೇ. 0.40ರಂಥ ಮಿತಿಗಳನ್ನು ಮುಖ್ಯವಾಗಿ ಮಕ್ಕಳನ್ನು ಶ್ರೇಣಿಗೆ ಇಳಿಸುವ ದೊಡ್ಡ ಪರೀಕ್ಷೆಗಳ ಪ್ರಶ್ನೆ ಆರಿಸಲು ಮಾಡಿದ್ದಾರೆ. ನಮ್ಮ ಕೆಲಸ ಬೇರೆ.

7. ಮರುಪರೀಕ್ಷೆಯನ್ನೂ ಹೀಗೇ ಜೋಡಿಯಾಗಿ ಓದಬೇಕು

ಐದು ಪಿರಿಯಡ್ ಆದ ಮೇಲೆ ಸಂಖ್ಯೆ ಬದಲಿಸಿ ಅದೇ ಬಗೆಯ ಎರಡು ಪ್ರಶ್ನೆ ಕೊಟ್ಟೆ: 0.6, 0.52, 0.487 ಒಂದರಲ್ಲಿ, 0.2, 0.19, 0.356 ಇನ್ನೊಂದರಲ್ಲಿ. 40ರಲ್ಲಿ 30 ಮಕ್ಕಳು ಎರಡನ್ನೂ ಸರಿ ಬರೆದರು. ಆದರೆ ‘ಉದ್ದದ್ದು ದೊಡ್ಡದು’ ಎನ್ನುತ್ತಿದ್ದ 22ರಲ್ಲಿ ಐವರು ಈಗ ‘ಗಿಡ್ಡದ್ದು ದೊಡ್ಡದು’ ಎನ್ನತೊಡಗಿದ್ದರು. ಉದ್ದದ್ದು ಸುಳ್ಳು ಎಂದು ತಿಳಿದು, ಅದರ ವಿರುದ್ಧವನ್ನು ನಿಯಮ ಮಾಡಿಕೊಂಡಿದ್ದರು. 0.6ರ ಪ್ರಶ್ನೆಯೊಂದನ್ನೇ ಕೊಟ್ಟಿದ್ದರೆ ಅವರೂ ಕಲಿತವರ ಪಟ್ಟಿಗೆ ಸೇರುತ್ತಿದ್ದರು. ಆ ಐವರನ್ನು ನಾಣ್ಯದ ಗುಂಪಿಗೆ ಕೂರಿಸಿದೆ.

ಮೂರು ತಿಂಗಳ ನಂತರ, ಹೇಳದೆ, ಬೇರೆ ಅಧ್ಯಾಯದ ಪರೀಕ್ಷೆಯ ನಡುವೆ ಇಂಥದೇ ಒಂದು ಜೋಡಿ ಸೇರಿಸಿದೆ. 34 ಮಕ್ಕಳು ಎರಡನ್ನೂ ಸರಿ ಬರೆದರು. ತಪ್ಪಿದ ಆರರಲ್ಲಿ ನಾಲ್ವರು ಮತ್ತೆ ಪೂರ್ಣ ಸಂಖ್ಯೆಯಾಗಿಯೇ ಓದಿದ್ದರು. ಮುಂದಿನ ವರ್ಷ ಎಂಟನೇ ತರಗತಿಯ ಸೇತುಬಂಧಕ್ಕೆ ಅವರ ಹೆಸರು, ಅವರು ಆರಿಸಿದ ಆಯ್ಕೆಯ ಅಕ್ಷರ ಎರಡನ್ನೂ ಬರೆದು ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಕೊಟ್ಟಿದ್ದೇನೆ.