ನೆಲ ಜಾರುವುದು ಕಲ್ಲಿನಿಂದಲ್ಲ, ಹೊಳಪಿನಿಂದ

ಮನೆ ಕಟ್ಟಿಸುವವರಲ್ಲಿ ನೆಲದ ಮಾತು ಬಂದಾಗಲೆಲ್ಲ ಒಂದೇ ತೀರ್ಪು ಕೇಳುತ್ತೇನೆ: ಗ್ರಾನೈಟ್ ಜಾರುತ್ತದೆ, ಕೋಟಾ ಜಾರುವುದಿಲ್ಲ. ಇದರಲ್ಲಿ ಅರ್ಧವೇ ನಿಜ. ಕಾಲು ಜಾರಿಸುವುದು ಕಲ್ಲಿನ ಜಾತಿಯಲ್ಲ, ಅದರ ಮೇಲ್ಮೈ. ನುಣ್ಣಗೆ ಪಾಲಿಶ್ ಮಾಡಿದ ನೆಲದ ಮೇಲೆ ನೀರು ಚೆಲ್ಲಿದರೆ ಪಾದಕ್ಕೂ ಕಲ್ಲಿಗೂ ನಡುವೆ ತೆಳುವಾದ ನೀರಿನ ಪದರ ನಿಲ್ಲುತ್ತದೆ. ಒರಟು ನೆಲದಲ್ಲಾದರೆ ನೀರು ತಗ್ಗಿಗೆ ಇಳಿದು, ಉಬ್ಬುಗಳು ಪಾದಕ್ಕೆ ಹಿಡಿತ ಕೊಡುತ್ತವೆ. ಕೋಟಾಕ್ಕೆ ಒಳ್ಳೆಯ ಹೆಸರು ಬಂದದ್ದು ಪದರಪದರವಾಗಿ ಸೀಳಿದ ಅದರ ಸಹಜ ಒರಟಿನಿಂದ. ಅದನ್ನೇ ಮೆಷಿನ್ ಹಾಕಿ ಹೊಳೆಯುವಂತೆ ಮಾಡಿದರೆ ಒದ್ದೆಯಾದಾಗ ಗ್ರಾನೈಟಿನಷ್ಟೇ ಅಪಾಯ. ಅದೇ ಗ್ರಾನೈಟನ್ನು ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿದರೆ, ಅಂಗಡಿಯವರು ಫ್ಲೇಮ್ಡ್ ಎನ್ನುವುದು ಇದನ್ನೇ, ಬಚ್ಚಲಿಗೂ ಹಾಕಬಹುದು.

ಸವೆತದ ವಿಚಾರ ಬೇರೆ. ಅಲ್ಲಿ ಕಲ್ಲಿನ ಜಾತಿಯೇ ಮುಖ್ಯ. ಚಪ್ಪಲಿಗೆ ಅಂಟಿ ಬರುವ ಮರಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಸ್ಫಟಿಕಕ್ಕೆ 7, ಗ್ರಾನೈಟಿಗೆ ಸುಮಾರು 6ರಿಂದ 7, ಸುಣ್ಣಕಲ್ಲಾದ ಕೋಟಾಕ್ಕೆ 3ರಿಂದ 4. ಹಾಗಾಗಿ ತಲೆಬಾಗಿಲಿನಿಂದ ಅಡುಗೆಮನೆಗೆ ಓಡಾಡುವ ದಾರಿಯಲ್ಲಿ ಕೋಟಾದ ಹೊಳಪು ಮೊದಲು ಮಂಕಾಗುತ್ತದೆ. ಇದು ದೋಷವಲ್ಲವೇ ಎಂದರೆ, ಪೂರ್ತಿ ಅಲ್ಲ: ಕೋಟಾವನ್ನು ಹಾಕಿದಲ್ಲಿಯೇ ಮತ್ತೆ ಉಜ್ಜಿ ಪಾಲಿಶ್ ಮಾಡಬಹುದು. ಅದಕ್ಕೆ ನಿಜವಾದ ಶತ್ರು ಆಮ್ಲ. ನಿಂಬೆರಸ, ಹುಣಸೆ ನೀರು, ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದಲ್ಲಿ ಸುಣ್ಣದ ಅಂಶ ಕರಗಿ ಬಿಳಿಚಿದ ಕಲೆ ಉಳಿಯುತ್ತದೆ. ಅದು ಕೊಳೆಯಲ್ಲ, ಕಲ್ಲೇ ತಿಂದುಹೋದ ಗುರುತು. ಎಷ್ಟು ಒರೆಸಿದರೂ ಹೋಗದು.

ರೆಡ್ ಆಕ್ಸೈಡ್ ಬಗ್ಗೆ ಬರುವ ವಾದ ಗಟ್ಟಿಯಾದದ್ದೇ: ಹಳೆಯ ಮನೆಗಳಲ್ಲಿ ಅದು ತಲೆಮಾರುಗಟ್ಟಲೆ ಬಾಳಿದೆ. ಬಾಳಿದ್ದು ನಿಜ. ಆದರೆ ಅಲ್ಲಿ ಬರಿಗಾಲಿನ ಓಡಾಟವಿತ್ತು, ಕರಣೆ ಹಿಡಿದು ಮತ್ತೆ ಮತ್ತೆ ತಿಕ್ಕುವ ಕೈ ಇತ್ತು, ದಿನಗಟ್ಟಲೆ ನೀರು ನಿಲ್ಲಿಸುವ ತಾಳ್ಮೆಯಿತ್ತು. ಸಿಮೆಂಟಿಗೆ ಬಣ್ಣ ಬೆರೆಸಿದ ಆ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪ. ಅವಸರದಲ್ಲಿ ಒಣಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ತೇಪೆ ಹಾಕಿದರೆ ಹಳೆಯ ಬಣ್ಣಕ್ಕೆ ಕೂಡುವುದಿಲ್ಲ. ಸಿಮೆಂಟಿಗೂ ಆಸಿಡ್ ಆಗದು. ನುರಿತ ಗಾರೆಯವರು ಸಿಕ್ಕರೆ ಮಾತ್ರ, ಅದೂ ಮಲಗುವ ಕೋಣೆ, ಪಡಸಾಲೆಗಳಿಗೆ ಅದನ್ನು ಒಪ್ಪುತ್ತೇನೆ.

ಅಡುಗೆಮನೆಗೆ ಗ್ರಾನೈಟ್, ಬಟ್ಟೆ ಒಗೆಯುವ ಜಾಗಕ್ಕೆ ಪಾಲಿಶ್ ಮಾಡದ ಕೋಟಾ ನನ್ನ ಆಯ್ಕೆ. ಮುಂಗಡ ಕೊಡುವ ಮೊದಲು ಕಲ್ಲಿನ ತುಂಡೊಂದನ್ನು ತಂದು, ಸೋಪಿನ ನೀರು ಸುರಿದು, ಕೂತಲ್ಲಿಂದಲೇ ಅಂಗಾಲಿನಲ್ಲಿ ಉಜ್ಜಿ ನೋಡಿ.