ಛತ್ತಿನ ಮುಂದೆ ನಿಂತ ಹತ್ತು ದಿನ

ಬಸವಕಲ್ಯಾಣದ ನಮ್ಮ ಮನೆಗೆ ಛತ್ತು ಹಾಕುವ ಹೊತ್ತು. ಸೆಂಟ್ರಿಂಗ್ ಆಗಿತ್ತು, ಕಬ್ಬಿಣ ಕಟ್ಟಿ ಮುಗಿದಿತ್ತು. ಗುತ್ತೇದಾರರು ಬಂದು, "ಮಾಸ್ತರ್ರೀ, ಐದು ಲಕ್ಷ ಕೊಟ್ರ ನಾಡಿದ್ದೇ ಛತ್ತು ಹಾಕ್ತೀವ್ರಿ" ಎಂದರು. ನನ್ನ ಕೈಯಲ್ಲಿ ಮೀಸಲು ಹಣವೂ ಸೇರಿ ಇದ್ದದ್ದು ನಾಲ್ಕೂವರೆ ಲಕ್ಷ. ಸಾಲ ಕೊಟ್ಟ ಹುಮನಾಬಾದಿನ ಬ್ಯಾಂಕಿಗೆ ಹೋದೆ. ಅಲ್ಲಿ ಅಧಿಕಾರಿ ಮಂಜೂರಾತಿ ಪತ್ರ ತೆರೆದು, "ಛತ್ತು ಹಾಕಿದ ಮೇಲೆ ಆ ಕಂತು ಬರ್ತದ್ರಿ, ಹಾಕೋ ಮೊದಲು ಬರಂಗಿಲ್ಲ" ಎಂದು ಒಂದು ಸಾಲನ್ನು ತೋರಿಸಿದರು. ಆ ಸಾಲು ಮೊದಲಿನಿಂದಲೂ ಅಲ್ಲಿಯೇ ಇತ್ತು. ಗುತ್ತೇದಾರರ ಕರಾರನ್ನೂ ಬ್ಯಾಂಕಿನ ಪತ್ರವನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು ನಾನು ನೋಡಿರಲಿಲ್ಲ. ಕಟ್ಟಿದ ಕಬ್ಬಿಣ ಹತ್ತು ದಿನ ಹಾಗೇ ಇತ್ತು.

ಲೆಕ್ಕ ಹೀಗಿತ್ತು. ಸಾವಿರ ಚದರಡಿಯ ಮನೆ, ಚದರಡಿಗೆ 2,000 ರೂಪಾಯಿಯಂತೆ ಸಾಮಾನು ಸಮೇತ 20 ಲಕ್ಷದ ಗುತ್ತಿಗೆ. ನಕ್ಷೆ, ನಗರಸಭೆಯ ಪರವಾನಗಿ, ನೀರು, ಜೆಸ್ಕಾಂ ಸಂಪರ್ಕ, ಗೇಟು ಇವೆಲ್ಲ ಗುತ್ತಿಗೆಯ ಹೊರಗೆ. ಅದಕ್ಕೆ 2 ಲಕ್ಷ. ಒಟ್ಟು 22 ಲಕ್ಷದಲ್ಲಿ ಬ್ಯಾಂಕಿನ ಸಾಲ 16, ನಮ್ಮ ಕೈಯಿಂದ 6. ಇದಲ್ಲದೆ ಹತ್ತಕ್ಕೆ ಒಂದರಂತೆ 2 ಲಕ್ಷ 20 ಸಾವಿರವನ್ನು ಮೀಸಲಾಗಿ ಬೇರೆ ಠೇವಣಿ ಇಟ್ಟಿದ್ದೆ. ನೂರಕ್ಕೆ ಹತ್ತು ಪಾಲು ಮೀಸಲು ಇದೆ, ಇನ್ನೇನು ಭಯ ಎಂದುಕೊಂಡಿದ್ದೆ.

ಮೀಸಲಿಗೆ ಮೊದಲ ಪೆಟ್ಟು ನೆಲದಿಂದ ಬಂತು. ನಮ್ಮ ನಿವೇಶನದಲ್ಲಿ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಮಣ್ಣಿದು. ಪಾಯ ಇದರ ಮೇಲೆಯೇ ಕೂತರೆ ಕೆಲವೇ ವರ್ಷದಲ್ಲಿ ಗೋಡೆಗೆ ಓರೆ ಬಿರುಕು ಬರಬಹುದು. ಅದಕ್ಕೇ ಎರೆಯನ್ನು ದಾಟಿ ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು. ಅಂದಾಜು ಪಟ್ಟಿಯಲ್ಲಿ ಕಾಲಮ್ಮಿನ ಗುಂಡಿ 5 ಅಡಿ ಎಂದಿತ್ತು; ಗಟ್ಟಿ ನೆಲ ಸಿಕ್ಕಿದ್ದು 7 ಅಡಿಗೆ. ಹೆಚ್ಚಿನ ಕಾಂಕ್ರೀಟು, ಕಬ್ಬಿಣ, ತುಂಬಲು ಮುರುಮು ಎಲ್ಲ ಸೇರಿ 1 ಲಕ್ಷ 10 ಸಾವಿರ ಹೋಯಿತು. ಬ್ಯಾಂಕು ಇದಕ್ಕೆಂದು ಸಾಲ ಹೆಚ್ಚಿಸಲಿಲ್ಲ. ಅದು ಸಾಲ ನಿಗದಿ ಮಾಡಿದ್ದು ಮೊದಲು ಒಪ್ಪಿದ ಅಂದಾಜಿನ ಮೇಲೆ. ಗುತ್ತಿಗೆಯ ಮಾತಿಗೆ ಮೊದಲೇ ಜೆಸಿಬಿ ತರಿಸಿ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ನೋಡಿದ್ದರೆ ಈ ಖರ್ಚು ಅಂದಾಜಿನೊಳಗೇ ಬರುತ್ತಿತ್ತು.

ಆದರೆ ಕೆಲಸ ನಿಂತದ್ದಕ್ಕೆ ಪಾಯ ಒಂದೇ ಕಾರಣವಲ್ಲ. ಗುತ್ತೇದಾರರು ಪ್ರತಿ ಹಂತ ಶುರುವಾಗುವ ಮುನ್ನ ಹಣ ಕೇಳುತ್ತಾರೆ, ಬ್ಯಾಂಕು ಆ ಹಂತ ಮುಗಿದ ಮೇಲೆ ಕೊಡುತ್ತದೆ. ಅದೂ ನಮ್ಮ ಪಾಲು ಮೊದಲು ಖರ್ಚಾಗಿದೆ ಎಂದು ತೋರಿಸಿದ ನಂತರ. ಸಾಲದ ಹಣ ಕಟ್ಟಡದ ಹಂತಕ್ಕೆ ತಕ್ಕಂತೆ ಬಿಡುಗಡೆಯಾಗಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಶಾಖೆಯಲ್ಲಿ ಎಷ್ಟು ಕೈ ಮುಗಿದರೂ ಮುಂಗಡ ಸಿಗುವುದಿಲ್ಲ.

ನನ್ನ ಕರಾರಿನ ಪ್ರಕಾರ ಕೊಡಬೇಕಾದದ್ದು: ಸಹಿ ಹಾಕಿದಾಗ 2 ಲಕ್ಷ, ಪಾಯಕ್ಕೆ 4, ಗೋಡೆಗೆ 3, ಛತ್ತಿಗೆ 5, ಗಿಲಾವಿಗೆ 3, ನೆಲಹಾಸು ಬಣ್ಣಕ್ಕೆ 2, ಕೀಲಿ ಕೊಡುವಾಗ 1. ಬ್ಯಾಂಕಿನಿಂದ ಬರುವುದು: ಪ್ಲಿಂತ್ ಮುಗಿದ ಮೇಲೆ 4 ಲಕ್ಷ, ಲಿಂಟಲ್ ಮಟ್ಟಕ್ಕೆ 3.2, ಛತ್ತು ಹಾಕಿದ ಮೇಲೆ 4.8, ಗಿಲಾವು ಮುಗಿದಾಗ 2.4, ಕೊನೆಗೆ 1.6. ಎರಡೂ ಕಡೆ ಮೊತ್ತ ಸರಿಯಾಗಿ ಕೂಡುತ್ತದೆ. ತಪ್ಪಿದ್ದು ದಿನಾಂಕಗಳಲ್ಲಿ.

ನಮ್ಮ 6 ಲಕ್ಷದಲ್ಲಿ ಪರವಾನಗಿ, ನೀರು ಎಂದು 80 ಸಾವಿರ ಮೊದಲೇ ಹೋಗಿತ್ತು. ಉಳಿದದ್ದು 5.2 ಲಕ್ಷ; ಪಾಯ ಶುರುವಾಗುವಷ್ಟರಲ್ಲಿ ಗುತ್ತೇದಾರರಿಗೆ 6 ಲಕ್ಷ ಕೊಡಬೇಕು. ಅಲ್ಲಿಗೇ 80 ಸಾವಿರ ಕೊರತೆ. ಅದನ್ನು ಮೀಸಲಿನಿಂದ ತೆಗೆದೆ. ಪ್ಲಿಂತಿನ ಕಂತು ಬಂದಾಗ ತಿರುಗಿ ಇಟ್ಟೆ. ಛತ್ತಿನ ಹೊತ್ತಿಗೆ ಗುತ್ತೇದಾರರಿಗೆ ಸೇರಬೇಕಾದದ್ದು 14 ಲಕ್ಷ. ನನ್ನ 5.2, ಬ್ಯಾಂಕಿನಿಂದ ಅಲ್ಲಿಯ ತನಕ ಬಂದ 7.2, ಕೂಡಿದರೆ 12.4. ಕೊರತೆ 1 ಲಕ್ಷ 60 ಸಾವಿರ. ಮೀಸಲು ಪೂರ್ತಿ ಇದ್ದಿದ್ದರೆ ದಾಟಿಬಿಡುತ್ತಿದ್ದೆ. ಎರೆ ಮಣ್ಣು ಅರ್ಧ ತಿಂದಿದ್ದರಿಂದ ಉಳಿದದ್ದು 1 ಲಕ್ಷ 10 ಸಾವಿರ. ಐವತ್ತು ಸಾವಿರಕ್ಕೆ ಮನೆ ನಿಂತಿತು.

ಆ ಹತ್ತು ದಿನದಲ್ಲಿ ನನಗೆ ತಿಳಿದ ಮಾತಿದು: ಒಂದೇ ಗಂಟಿಗೆ ನಾನು ಎರಡು ಕೆಲಸ ಹಚ್ಚಿದ್ದೆ. ಪಾಯಕ್ಕೆ ಹೋದ ದುಡ್ಡು ಹೋಯಿತು, ಅದು ಮರಳುವುದಿಲ್ಲ. ಬ್ಯಾಂಕಿನ ಕಂತು ಬರುವ ತನಕ ಹಾಕಿದ ದುಡ್ಡು ಹದಿನೈದು ದಿನಕ್ಕೋ ತಿಂಗಳಿಗೋ ಮರಳುತ್ತದೆ. ಮೊದಲನೆಯದು ಮೀಸಲು, ಎರಡನೆಯದು ಓಡಾಟದ ದುಡ್ಡು. ಮೀಸಲನ್ನು ಅಂದಾಜಿನ ಮೇಲೆ ನೂರಕ್ಕೆ ಹತ್ತು ಪಾಲು ಎಂದು ಇಡಬಹುದು. ಓಡಾಟದ ದುಡ್ಡಿಗೆ ಅಂಥ ಶೇಕಡಾವಾರು ಇಲ್ಲ. ಎರಡು ಪಟ್ಟಿಗಳನ್ನು ಹಂತ ಹಂತವಾಗಿ ಕೂಡುತ್ತ ಬಂದಾಗ ಕಾಣುವ ಅತಿ ದೊಡ್ಡ ಕೊರತೆ ಎಷ್ಟೋ ಅಷ್ಟು ಬೇಕು. ನನ್ನ ಮಟ್ಟಿಗೆ ಅದು 1 ಲಕ್ಷ 60 ಸಾವಿರ. ಸಹಿ ಹಾಕುವ ಮೊದಲು ಅರ್ಧ ಗಂಟೆ ಕೂತಿದ್ದರೆ ಗೊತ್ತಾಗುತ್ತಿತ್ತು.

ಗುತ್ತೇದಾರರ ಮುಂದೆ ಬ್ಯಾಂಕಿನ ಪತ್ರ ಇಟ್ಟು ಮಾತಾಡಿದೆ. ಛತ್ತಿನ 5 ಲಕ್ಷವನ್ನು ಎರಡಾಗಿ ಒಡೆದೆವು: ಕಬ್ಬಿಣ ಕಟ್ಟಿದಾಗ 3, ಛತ್ತು ಹಾಕಿ ಬ್ಯಾಂಕಿನ ಕಂತು ಬಂದ ಮೇಲೆ 2. ಬರುವ ದುಡ್ಡಿನ ದಾರಿ ಕಣ್ಣಿಗೆ ಕಂಡಿದ್ದರಿಂದ ಅವರೂ ಒಪ್ಪಿದರು. ಹೀಗೆ ಒಡೆದದ್ದರಿಂದ ಇನ್ನೊಂದು ಅಪಾಯವೂ ತಪ್ಪಿತು. ಹಳೆಯ ಕರಾರಿನಂತೆ ಛತ್ತಿಗೆ ಮುನ್ನ ನಾನು ನೂರಕ್ಕೆ 70 ಪಾಲು ಕೊಟ್ಟಿರುತ್ತಿದ್ದೆ, ನೆಲದ ಮೇಲೆ ನಿಂತ ಕೆಲಸ ಅರ್ಧವೂ ಆಗಿರುತ್ತಿರಲಿಲ್ಲ. ಆಗ ಯಾವ ಕಾರಣಕ್ಕಾದರೂ ಗುತ್ತೇದಾರರು ಕೆಲಸ ಬಿಟ್ಟುಹೋದರೆ ಉಳಿದ ಹಣದಲ್ಲಿ ಮನೆ ಮುಗಿಸಲು ಬೇರೆ ಯಾರೂ ಸಿಗುವುದಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಹಂತಕ್ಕೆ ಒಂದು ಸಾಲು. ಆಗಿರುವ ಕೆಲಸದ ಬೆಲೆ, ಕೊಟ್ಟ ಹಣ, ಬ್ಯಾಂಕಿನಿಂದ ಬಂದದ್ದು, ಮೀಸಲಿನಲ್ಲಿ ಉಳಿದದ್ದು ಎಂದು ನಾಲ್ಕು ಕಾಲಂ. ಆಗಿರುವ ಕೆಲಸದ ಬೆಲೆಗೆ ನನ್ನ ಊಹೆ ನಂಬಲಿಲ್ಲ. ಕಂತು ಬಿಡುವ ಮುನ್ನ ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ ಕೆಲಸ ನೂರಕ್ಕೆ ಎಷ್ಟು ಆಗಿದೆ ಎಂದು ಬರೆಯುತ್ತಾರೆ. ಅದನ್ನು ಕೇಳಿ ತಿಳಿದುಕೊಂಡು ಬರೆದೆ. ಎರಡನೆಯ ಕಾಲಂ ಮೊದಲನೆಯದನ್ನು ಬಹಳ ದೂರ ದಾಟಿದರೆ ಮುಂದಿನ ಚೆಕ್ ಬರೆಯಬಾರದು. ಅರ್ಜಿ, ಫೋಟೊ, ಭೇಟಿ ಎಂದು ನಮ್ಮ ಕಂತಿಗೆ ಹತ್ತು ದಿನ ಹಿಡಿಯುತ್ತಿತ್ತು. ಹಾಗಾಗಿ ಹಂತ ಮುಗಿಯುವ ಒಂದು ವಾರ ಮೊದಲೇ ಶಾಖೆಗೆ ಸುದ್ದಿ ಮುಟ್ಟಿಸುತ್ತಿದ್ದೆ.

ಇನ್ನೊಂದು ಖರ್ಚನ್ನು ನಾನು ಮರೆತಿದ್ದೆ. ಮನೆ ಮುಗಿಯುವ ತನಕ ಪೂರ್ತಿ ಕಂತು ಶುರುವಾಗದಿದ್ದರೂ, ಬಿಡುಗಡೆಯಾದ ಹಣಕ್ಕೆ ಬಡ್ಡಿ ತಿಂಗಳು ತಿಂಗಳು ಕಟ್ಟಬೇಕು. ನೂರಕ್ಕೆ 9ರ ದರದಲ್ಲಿ 4 ಲಕ್ಷಕ್ಕೆ ತಿಂಗಳಿಗೆ 3,000. ಛತ್ತು ಆದ ಮೇಲೆ 12 ಲಕ್ಷಕ್ಕೆ 9,000. ಅದೇ ತಿಂಗಳು ಬಾಡಿಗೆ ಮನೆಯ ಬಾಡಿಗೆಯೂ ಇರುತ್ತದೆ. ಕೆಲಸ ನಿಂತ ಪ್ರತಿ ವಾರಕ್ಕೂ ಈ ಎರಡೂ ಓಡುತ್ತಲೇ ಇರುತ್ತವೆ. ಅವೆರಡನ್ನೂ ಮೀಸಲಿನಿಂದ ತೆಗೆಯದೆ ಸಂಬಳದಿಂದ ಕಟ್ಟಿದೆ.

ಕೀಲಿ ಕೈಗೆ ಬಂದ ದಿನ ನೋಟ್‌ಬುಕ್ಕಿನ ಕೊನೆಯ ಸಾಲು ಬರೆದೆ. ಪಾಯದ 1 ಲಕ್ಷ 10 ಸಾವಿರ, ಆಮೇಲೆ ಕಿಟಕಿ ಗ್ರಿಲ್ಲಿಗೂ ವೈರಿಂಗ್ ಬದಲಾವಣೆಗೂ ಹೋದ 60 ಸಾವಿರ ಕಳೆದು, ಮೀಸಲಿನಲ್ಲಿ 50 ಸಾವಿರ ಉಳಿದಿತ್ತು. ಛತ್ತಿನ ದಿನ ನನಗೆ ಕಡಿಮೆ ಬಿದ್ದದ್ದೂ ಅಷ್ಟೇ.